ಎರಡು ಸಾಲಿನ ಡಬ್ಬಿ

ಗೂಗಲ್‌ನಲ್ಲಿ ‘ಕರದಂಟು ಗಿಫ್ಟ್ ಬಾಕ್ಸ್’ ಎಂದು ಹುಡುಕಿದರೆ ಅಂಗಡಿಯ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಸಾಲು ಕಾಣುತ್ತದಲ್ಲ, ಅದಕ್ಕಾಗಿ ಅಂಗಡಿಯವರು ಬರೆದಿಡುವ ಮಾತಿಗೆ ಮೆಟಾ ಡಿಸ್ಕ್ರಿಪ್ಶನ್ ಎನ್ನುತ್ತಾರೆ. ಅದು ಅಂಗಡಿಯನ್ನು ಪಟ್ಟಿಯಲ್ಲಿ ಮೇಲಕ್ಕೆ ಏರಿಸುವುದಿಲ್ಲ. ಗೂಗಲ್ 2009ರಲ್ಲೇ ಹಾಗೆಂದು ಹೇಳಿದೆ. ನೋಡಿದವರು ಒಳಗೆ ಬರುವಂತೆ ಮಾಡುವುದಷ್ಟೇ ಅದರ ಕೆಲಸ.

ಗೋಕಾಕದಲ್ಲಿ ಅಪ್ಪ, ಅವ್ವ, ಮಗ ಸೇರಿ ನಡೆಸುವ ಒಂದು ಮಿಠಾಯಿ ಅಂಗಡಿ ಇದೆ ಎಂದುಕೊಳ್ಳಿ. ದೀಪಾವಳಿ ಡಬ್ಬಿಗೆ ಮಗ ಮೊದಲು ಬರೆದದ್ದು ಹೀಗೆ: ‘ನಿಮ್ಮ ಪ್ರೀತಿಪಾತ್ರರಿಗೆ ಅತ್ಯುತ್ತಮ ಗುಣಮಟ್ಟದ ಸಿಹಿ ಉಡುಗೊರೆ.’ ಇದರಲ್ಲಿ ತಪ್ಪೇನಿಲ್ಲ, ರುಚಿಯೂ ಇಲ್ಲ. ಬೆಂಗಳೂರಿನ ಬೇಕರಿಗೂ ಇದೇ ಸಾಲು ಹೊಂದುತ್ತದೆ. ಆಪ್ತತೆ ಬರುವುದು ‘ಪ್ರೀತಿ’ ಎಂಬ ಪದದಿಂದಲ್ಲ, ಯಾರು ಏನು ಮಾಡಿದರು ಎಂದು ಹೇಳುವುದರಿಂದ. ಎರಡನೆಯ ಸಲ ಹೀಗೆ ಬರೆದ:

```
<meta name="description" content="ಗೋಕಾಕದ ಕರದಂಟು, ಬೇಸನ್ ಉಂಡಿ, ಶೇಂಗಾ ಹೋಳಿಗೆ ದೀಪಾವಳಿಗೆ ಒಂದೇ ಡಬ್ಬಿಯಲ್ಲಿ. ಅಂಟು ಕರಿದದ್ದು ಅಪ್ಪ, ಉಂಡಿ ಕಟ್ಟಿದ್ದು ಅವ್ವ. ಊರಿಗೆ ಬರಲಾಗದವರ ಮನೆಗೂ ಕಳಿಸುತ್ತೇವೆ.">
```

ತಿಂಡಿಯ ಹೆಸರು ಮೊದಲು ಬಂದದ್ದಕ್ಕೆ ಕಾರಣವಿದೆ. ಪರದೆಯ ಅಗಲ ಮುಗಿದಲ್ಲಿ ಗೂಗಲ್ ಸಾಲನ್ನು ಕತ್ತರಿಸಿ ಮೂರು ಚುಕ್ಕಿ ಇಡುತ್ತದೆ. 155 ಅಕ್ಷರ ಬರೆಯಿರಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ, ಆದರೆ ಅದು ಇಂಗ್ಲಿಷಿನ ಅಳತೆ. ‘ಅಜ್ಜಿ’ ಎಂಬಲ್ಲಿ ನಮಗೆ ಕಾಣುವುದು ಎರಡೇ ಅಕ್ಷರ; ಕಂಪ್ಯೂಟರಿಗೆ ಮಾತ್ರ ಒತ್ತು, ಗುಣಿತವೆಲ್ಲ ಬಿಡಿಯಾಗಿ ಐದು. ಹಾಗಾಗಿ ಎಣಿಸುತ್ತ ಕೂರುವ ಬದಲು ಮೊದಲ ಏಳೆಂಟು ಪದಗಳಲ್ಲೇ ಡಬ್ಬಿಯೊಳಗೆ ಏನಿದೆ ಎಂದು ಹೇಳಿಬಿಡುವುದು ಮೇಲು. ಕೊನೆಯ ವಾಕ್ಯ ಫೋನಿನಲ್ಲಿ ಕಾಣದಿದ್ದರೂ ನಷ್ಟವಿಲ್ಲ.

ಮಗನಿಗೆ ‘ಅವ್ವನ ಕೈರುಚಿ’ ಎಂಬುದನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಇಡುವ ಆಸೆಯಿತ್ತು. ಹಾಗೆ ಇಟ್ಟಿದ್ದರೆ, ಮೊದಲ ಚಿಹ್ನೆ ಸಿಕ್ಕಲ್ಲೇ ವಿವರಣೆ ಮುಗಿಯಿತೆಂದು ಬ್ರೌಸರ್ ತಿಳಿಯುತ್ತಿತ್ತು. ಒಂಟಿ ಚಿಹ್ನೆಗೆ ಈ ತೊಂದರೆಯಿಲ್ಲ.

ಇಷ್ಟು ಮಾಡಿದರೂ ಗೂಗಲ್ ಈ ಸಾಲನ್ನೇ ತೋರಿಸುತ್ತದೆ ಎಂಬ ಖಾತ್ರಿಯಿಲ್ಲ. ಯಾರಾದರೂ ‘ಬೆಲ್ಲದ ಕರದಂಟು ಎಷ್ಟು ದಿನ ಇರುತ್ತದೆ’ ಎಂದು ಕೇಳಿದರೆ, ಪುಟದೊಳಗೆ ಉತ್ತರದಂತೆ ಕಾಣುವ ವಾಕ್ಯವನ್ನೇ ಅದು ಎತ್ತಿ ತೋರಿಸಬಹುದು. ಅದಕ್ಕೇ ಪುಟದ ಮೊದಲ ಪ್ಯಾರಾವನ್ನೂ ಇದೇ ಮಾತಿನಲ್ಲಿ ಬರೆಯಬೇಕು.

ಹೆಚ್ಚಿನವರು ಮರೆಯುವುದು ಸಾಲನ್ನು ಬದಲಿಸುವುದನ್ನು. ಗೂಗಲ್ ಮತ್ತೆ ಬಂದು ಓದುವವರೆಗೆ ಹಳೆಯದೇ ಕಾಣುವುದರಿಂದ ಹಬ್ಬಕ್ಕೆ ಕೆಲವು ವಾರ ಮೊದಲೇ ತಿದ್ದಬೇಕು. ಇಲ್ಲದಿದ್ದರೆ ನಾಗರ ಪಂಚಮಿಗೆ ತಂಬಿಟ್ಟು, ಎಳ್ಳುಂಡಿ ಹುಡುಕಿ ಬಂದವರಿಗೆ ಅಂಗಡಿ ಇನ್ನೂ ದೀಪಾವಳಿಯ ಡಬ್ಬಿಯನ್ನೇ ಚಾಚುತ್ತಿರುತ್ತದೆ.