8 ಸೆಕೆಂಡಿನ ಶಾಟ್‌ ಬರೆಯುವ ಬಗೆ

‘ಹಾಲು ಮಾರುವ ಅಜ್ಜ, ಹಳ್ಳಿಯ ಬೆಳಗು, ತುಂಬಾ ಸುಂದರವಾಗಿರಲಿ.’ ಇಷ್ಟು ಬರೆದು ಕೊಟ್ಟರೂ ವಿಯೊ, ರನ್‌ವೇ, ಕ್ಲಿಂಗ್‌ನಂಥ ಎಐ ಟೂಲ್‌ಗಳು ಒಂದು ವಿಡಿಯೊ ಮಾಡಿಕೊಡುತ್ತವೆ. ಆದರೆ ನಾವು ಹೇಳದೆ ಬಿಟ್ಟದ್ದನ್ನೆಲ್ಲ ಅವು ತಾವು ಕಲಿತ ವಿಡಿಯೊಗಳಲ್ಲಿ ಪದೇ ಪದೇ ಕಂಡದ್ದರಿಂದಲೇ ತುಂಬಿಕೊಳ್ಳುತ್ತವೆ. ಅದಕ್ಕೇ ಅಜ್ಜ ಯಾವ ಊರಿನವನೂ ಅಲ್ಲದಂತೆ ಕಾಣುತ್ತಾನೆ.

ಈ ಅಜ್ಜನನ್ನೇ ಇಟ್ಟುಕೊಂಡು ಪ್ರಾಂಪ್ಟ್‌ ಕಟ್ಟೋಣ. ಸಾಮಾನ್ಯವಾಗಿ ಎಲ್ಲರೂ ವ್ಯಕ್ತಿಯಿಂದ ಶುರುಮಾಡುತ್ತಾರೆ. ನನ್ನ ಪ್ರಕಾರ ಮೊದಲು ಯೋಚಿಸಬೇಕಾದದ್ದು ಅವಧಿ. 2025ರಲ್ಲಿ ಬಂದ ವಿಯೊ 3 ಒಮ್ಮೆಗೆ ಕೊಡುವುದು 8 ಸೆಕೆಂಡಿನ ತುಣುಕು. ಬೇರೆ ಹಲವು ಟೂಲ್‌ಗಳಲ್ಲಿ 5 ಅಥವಾ 10 ಸೆಕೆಂಡ್‌ ಆರಿಸಿಕೊಳ್ಳಬಹುದು. ಈ ಆಯ್ಕೆ ಇರುವುದು ಸಾಮಾನ್ಯವಾಗಿ ಸೆಟ್ಟಿಂಗ್ಸ್‌ನಲ್ಲಿ. ಪ್ರಾಂಪ್ಟ್‌ನೊಳಗೆ ‘ಒಂದು ನಿಮಿಷದ ವಿಡಿಯೊ’ ಎಂದು ಬರೆದರೆ ತುಣುಕು ಉದ್ದವಾಗುವುದಿಲ್ಲ.

ಅಜ್ಜ ಸೈಕಲ್‌ ಮೇಲೆ ಬಂದು, ಇಳಿದು, ಬಾಗಿಲು ತಟ್ಟಿ, ಪಾತ್ರೆಗೆ ಹಾಲು ಅಳೆದುಕೊಟ್ಟು ನಗುತ್ತಾನೆ ಎಂದು ಬರೆದಿರಿ ಎನ್ನೋಣ. ಕಣ್ಣು ಮುಚ್ಚಿ, ಗಡಿಯಾರ ಹಿಡಿದು, ಮನಸ್ಸಿನಲ್ಲೇ ಅದನ್ನು ನಡೆಸಿ ನೋಡಿ. ಅರ್ಧ ನಿಮಿಷಕ್ಕೂ ಹೆಚ್ಚು ಬೇಕು. ಅಷ್ಟನ್ನೂ 8 ಸೆಕೆಂಡಿಗೆ ತುರುಕಲು ಹೋದಾಗ ಟೂಲ್‌ ಕೆಲವು ಕ್ರಿಯೆಗಳನ್ನು ನುಂಗುತ್ತದೆ, ಕೆಲವನ್ನು ಒಂದರೊಳಗೊಂದು ಬೆರೆಸುತ್ತದೆ. ಅಜ್ಜ ಇಳಿಯುವ ಮೊದಲೇ ಸೈಕಲ್‌ ಮಾಯವಾಗಿರುತ್ತದೆ, ಕೈಯಲ್ಲಿ ಪಾತ್ರೆ ತಾನಾಗಿ ಹುಟ್ಟಿರುತ್ತದೆ. ಇಂಥದ್ದು ಕಂಡರೆ ವಿಶೇಷಣ ಸೇರಿಸುವುದರಿಂದ ಏನೂ ಆಗದು, ಕ್ರಿಯೆ ಕಡಿಮೆ ಮಾಡಬೇಕು. ಒಂದು ತುಣುಕಿಗೆ ಒಂದೇ ಕೆಲಸ: ಅಜ್ಜ ಕೆರೆ ಏರಿಯ ಮೇಲೆ ನಿಧಾನವಾಗಿ ಸೈಕಲ್‌ ತುಳಿಯುತ್ತಾನೆ. ಬಾಗಿಲು ತಟ್ಟುವುದು ಬೇರೆ ತುಣುಕು, ಬೇರೆ ಪ್ರಾಂಪ್ಟ್‌.

ಇನ್ನು ಅಜ್ಜ ಯಾರು? ‘ವಯಸ್ಸಾದವನು’ ಸಾಲದು. ಕಣ್ಣಿಗೆ ಕಾಣುವುದನ್ನೇ ಬರೆಯಬೇಕು: ಸುಮಾರು 65 ವರ್ಷ, ತೆಳ್ಳನೆಯ ಮೈ, ಬಿಳಿ ಪಂಚೆ, ಕಂದು ಸ್ವೆಟರ್‌, ತಲೆಗೆ ಕೆಂಪು ಟವೆಲ್‌, ಕಪ್ಪು ಸೈಕಲ್ಲಿನ ಹಿಂದೆ ಎರಡೂ ಕಡೆ ಅಲ್ಯೂಮಿನಿಯಂ ಹಾಲಿನ ಕ್ಯಾನ್‌. ‘ಕಷ್ಟಜೀವಿ’ ಎಂಬುದು ಕ್ಯಾಮೆರಾಗೆ ಕಾಣುವ ಗುಣವಲ್ಲ.

ಕ್ಯಾಮೆರಾದ ಮಾತಿನಲ್ಲಿ ಹೆಚ್ಚು ಗೊಂದಲವಾಗುವುದು ಝೂಮ್‌ ಮತ್ತು ಡಾಲಿ ನಡುವೆ. ಝೂಮ್‌ನಲ್ಲಿ ಕ್ಯಾಮೆರಾ ನಿಂತಲ್ಲೇ ನಿಂತಿರುತ್ತದೆ. ಅಜ್ಜನೂ ಹಿಂದಿನ ತೆಂಗಿನ ಮರವೂ ಒಂದೇ ಪ್ರಮಾಣದಲ್ಲಿ ದೊಡ್ಡದಾಗುತ್ತವೆ. ಡಾಲಿಯಲ್ಲಿ ಕ್ಯಾಮೆರಾವೇ ಮುಂದೆ ಸಾಗುತ್ತದೆ; ಹತ್ತಿರದ್ದು ಬೇಗ ಬೆಳೆಯುತ್ತದೆ, ದೂರದ್ದು ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ದೃಶ್ಯಕ್ಕೆ ಆಳ ಬರುವುದು ಅದರಿಂದ. ನಮ್ಮ ಅಜ್ಜನಿಗೆ ಬೇಕಾದದ್ದು ಇವೆರಡೂ ಅಲ್ಲ, ಪಕ್ಕದಲ್ಲೇ ಅವನ ವೇಗಕ್ಕೆ ಸರಿಯಾಗಿ ಸಾಗುವ ಟ್ರ್ಯಾಕಿಂಗ್‌ ಶಾಟ್‌. ಜೊತೆಗೆ ಝೂಮ್‌, ಡ್ರೋನ್‌ ಎಂದೆಲ್ಲ ಸೇರಿಸಿದರೆ ಹಿನ್ನೆಲೆ ಅತ್ತಿತ್ತ ಜಾರತೊಡಗುತ್ತದೆ.

ಬೆಳಕಿಗೆ ಮೂಲ ಹೇಳಿ, ದಿಕ್ಕು ಹೇಳಿ. ಸೂರ್ಯ ಈಗಷ್ಟೇ ಮೂಡಿದ್ದಾನೆ, ಅಜ್ಜನ ಹಿಂದಿದ್ದಾನೆ, ನೀರಿನ ಮೇಲೆ ತೆಳು ಮಂಜು. ಹೀಗೆ ಬರೆದರೆ ಫಲಿತಾಂಶವನ್ನು ಪರೀಕ್ಷಿಸುವ ದಾರಿಯೂ ಸಿಗುತ್ತದೆ: ಸೂರ್ಯ ಹಿಂದಿದ್ದರೆ ನೆರಳು ನಮ್ಮ ಕಡೆಗೆ ಚಾಚಿರಬೇಕು. ಶೈಲಿಗೆ ಒಂದೇ ಮಾತು ಸಾಕು. ಸಾಕ್ಷ್ಯಚಿತ್ರ ಎಂದ ಮೇಲೆ ಅದರ ಪಕ್ಕದಲ್ಲೇ ಅನಿಮೇಷನ್‌ ಎನ್ನಬಾರದು.

ಎಲ್ಲ ಸೇರಿ ಪ್ರಾಂಪ್ಟ್‌ ಹೀಗಾಗುತ್ತದೆ:

‘ಸುಮಾರು 65 ವರ್ಷದ ತೆಳ್ಳನೆಯ ಅಜ್ಜ, ಬಿಳಿ ಪಂಚೆ, ಕಂದು ಸ್ವೆಟರ್‌, ತಲೆಗೆ ಕೆಂಪು ಟವೆಲ್‌. ಹಿಂದೆ ಎರಡೂ ಕಡೆ ಅಲ್ಯೂಮಿನಿಯಂ ಹಾಲಿನ ಕ್ಯಾನ್‌ ಕಟ್ಟಿದ ಕಪ್ಪು ಸೈಕಲ್ಲನ್ನು ಕೆರೆ ಏರಿಯ ಖಾಲಿ ಮಣ್ಣುದಾರಿಯಲ್ಲಿ ನಿಧಾನವಾಗಿ ತುಳಿಯುತ್ತಿದ್ದಾನೆ. ಪಕ್ಕದಿಂದ ಟ್ರ್ಯಾಕಿಂಗ್‌ ಶಾಟ್‌, ಅದೇ ವೇಗ, ಪೂರ್ತಿ ಸೈಕಲ್‌ ಕಾಣುವಷ್ಟು ದೂರ. ಅಜ್ಜನ ಹಿಂದೆ ಮೂಡುತ್ತಿರುವ ಸೂರ್ಯ, ನೀರಿನ ಮೇಲೆ ತೆಳು ಮಂಜು. ಸಾಕ್ಷ್ಯಚಿತ್ರದ ಶೈಲಿ.’

ಇಲ್ಲಿ ‘ಬೇರೆ ವಾಹನಗಳು ಬೇಡ’ ಎನ್ನದೆ ‘ಖಾಲಿ ದಾರಿ’ ಎಂದಿದೆ. ಬೇಡವೆಂದು ಹೆಸರಿಸಿದ್ದೇ ಎಷ್ಟೋ ಸಲ ದೃಶ್ಯದಲ್ಲಿ ಬಂದು ಕೂರುತ್ತದೆ.

ತುಣುಕು ಬಂದಾಗ ಮುಖ ನೋಡಿ ಮರುಳಾಗಬೇಡಿ. ಪಾದ ಪೆಡಲಿನ ಮೇಲಿದೆಯೇ, ಗಾಲಿ ತಿರುಗುವ ವೇಗಕ್ಕೂ ನೆಲ ಸರಿಯುವ ವೇಗಕ್ಕೂ ಹೊಂದಿಕೆಯಿದೆಯೇ, ಕ್ಯಾನ್‌ಗಳು ಕೊನೆಯವರೆಗೂ ಎರಡೇ ಇವೆಯೇ ಎಂದು ನಿಧಾನಗತಿಯಲ್ಲಿ ನೋಡಿ. ಸರಿಯಿಲ್ಲದಿದ್ದರೆ ಒಂದು ಅಂಶವನ್ನಷ್ಟೇ ಬದಲಿಸಿ ಮತ್ತೆ ಕೊಡಿ. ಒಟ್ಟಿಗೆ ಮೂರು ಬದಲಿಸಿದರೆ ಯಾವುದರಿಂದ ಸುಧಾರಿಸಿತೆಂದು ತಿಳಿಯುವುದಿಲ್ಲ. ಒಂದೇ ಪ್ರಾಂಪ್ಟ್‌ ಎರಡು ಸಲ ಎರಡು ಬಗೆಯ ವಿಡಿಯೊ ಕೊಡುವುದೂ ಉಂಟು, ಹಾಗಾಗಿ ಬದಲಿಸುವ ಮೊದಲು ಅದನ್ನೇ ಇನ್ನೊಮ್ಮೆ ಓಡಿಸಿ ನೋಡುವುದು ಒಳ್ಳೆಯದು.

ಮುಂದಿನ ತುಣುಕಿನಲ್ಲೂ ಅದೇ ಅಜ್ಜ ಬೇಕಿದ್ದರೆ ಅವನ ವಿವರಣೆಯನ್ನು ಅಕ್ಷರಶಃ ಹಾಗೇ ನಕಲಿಸಿ. ಆರಂಭದ ಚಿತ್ರ ಕೊಡುವ ಸೌಲಭ್ಯವಿದ್ದರೆ ಮೊದಲ ತುಣುಕಿನ ಒಂದು ಫ್ರೇಮನ್ನೇ ಕೊಡಿ. ಕ್ಯಾನ್‌ ಮೇಲೆ ಕನ್ನಡದಲ್ಲಿ ಡೇರಿಯ ಹೆಸರು ಬೇಕೆಂದರೆ ಅದನ್ನು ಮಾತ್ರ ಪ್ರಾಂಪ್ಟ್‌ಗೆ ಬಿಡಬೇಡಿ. ಒತ್ತು, ಕೊಂಬುಗಳು ಕಲಸಿಹೋಗುವುದೇ ಹೆಚ್ಚು. ಎಡಿಟಿಂಗ್‌ನಲ್ಲಿ ನೀವೇ ಬರೆಯಿರಿ.