ಐದು ಸಾವಿರ ಆಟಗಾರರಲ್ಲಿ ನನ್ನ ಸ್ಥಾನ ಎಷ್ಟನೆಯದು?

ರಾತ್ರಿ 8 ಗಂಟೆಗೆ ಮೊಬೈಲ್‌ನಲ್ಲಿ ಸಾಮಾನ್ಯ ಜ್ಞಾನದ ಕ್ವಿಜ್ ಶುರುವಾಗುತ್ತದೆ ಎಂದುಕೊಳ್ಳೋಣ. ಆಡುವವರು 5,000 ಜನ. ಹತ್ತು ಪ್ರಶ್ನೆ, ಪ್ರತಿ ಪ್ರಶ್ನೆಗೆ 100 ಅಂಕ, ಉತ್ತರಿಸಲು 15 ಸೆಕೆಂಡು. ಒಂದೊಂದು ಪ್ರಶ್ನೆ ಮುಗಿದಾಗಲೂ ಎಲ್ಲರೂ ಹುಡುಕುವುದು ಒಂದನ್ನೇ: ‘ನಾನೀಗ ಎಷ್ಟನೆಯವನು?’ ಮೊದಲ ಹತ್ತು ಹೆಸರು ತೋರಿಸುವುದು ಸುಲಭ. 3,412ನೇ ಸ್ಥಾನದಲ್ಲಿರುವ ಹುಡುಗಿಗೆ ಆ ಸಂಖ್ಯೆಯನ್ನು ತಪ್ಪಿಲ್ಲದೆ, ಆ ಕ್ಷಣವೇ ಹೇಳುವುದು ಕಷ್ಟ.

ಸ್ಥಾನ ಎಂದರೆ ಏನು? ನನಗಿಂತ ಹೆಚ್ಚು ಅಂಕ ಪಡೆದವರು ಎಷ್ಟು ಮಂದಿ ಎಂದು ಎಣಿಸಿ, ಒಂದು ಕೂಡಿಸಿದರೆ ಬರುವ ಸಂಖ್ಯೆ. ಸಾಮಾನ್ಯ ಡೇಟಾಬೇಸ್ ಅಂಕಗಳನ್ನು ಇಂಡೆಕ್ಸ್ ಮಾಡಿ ಕ್ರಮವಾಗಿ ಇಟ್ಟುಕೊಂಡಿರುತ್ತದೆ, ನಿಜ. ಆದರೆ ಎಣಿಸು ಎಂದರೆ ಅದು ಒಂದೊಂದನ್ನೇ ದಾಟಿ ಎಣಿಸಬೇಕು. 4,000ನೇ ಸ್ಥಾನದವರಿಗೆ ಉತ್ತರ ಹೇಳಲು 3,999 ನಮೂದುಗಳನ್ನು ದಾಟಬೇಕು. ಸರಾಸರಿ 2,500 ಎಂದು ಹಿಡಿದರೂ, 5,000 ಜನ ಒಟ್ಟಿಗೆ ಕೇಳಿದಾಗ ಒಂದು ಪ್ರಶ್ನೆಗೆ ಒಂದೂಕಾಲು ಕೋಟಿ ನಮೂದುಗಳ ಎಣಿಕೆಯಾಯಿತು. ಅದೇ ಹೊತ್ತಿಗೆ ಹೊಸ ಅಂಕಗಳೂ ಬಂದು ಸೇರುತ್ತಿರುತ್ತವೆ. ಪರೀಕ್ಷೆಗೆಂದು ಐವತ್ತು ಜನ ಆಡಿದಾಗ ಚುರುಕಾಗಿದ್ದ ಆ್ಯಪ್, ನಿಜವಾದ ಆಟದ ದಿನ ಸ್ಥಾನ ತೋರಿಸುವ ಪರದೆಯಲ್ಲೇ ಸುತ್ತುತ್ತ ನಿಲ್ಲುವುದು ಈ ಕಾರಣಕ್ಕೆ.

ಇಂಥ ಕೆಲಸಕ್ಕೆ ಹೆಚ್ಚಿನ ಇಂಜಿನಿಯರ್‌ಗಳು ಕೈಹಾಕುವುದು ರೆಡಿಸ್‌ಗೆ. ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ 2009ರಲ್ಲಿ ಇದನ್ನು ಹೊರತಂದರು. ವೆಬ್‌ಸೈಟ್‌ಗೆ ಬರುವವರನ್ನು ಆ ಕ್ಷಣವೇ ತೋರಿಸುವ ಅವರ ಸೇವೆಯೊಂದಕ್ಕೆ ಮಾಮೂಲಿ ಡೇಟಾಬೇಸ್‌ನ ವೇಗ ಸಾಲದೆ ಹೋದದ್ದೇ ಇದರ ಹುಟ್ಟಿಗೆ ಕಾರಣ. ರೆಡಿಸ್ ಎಲ್ಲ ಮಾಹಿತಿಯನ್ನೂ ಸರ್ವರ್‌ನ ಮೆಮೊರಿಯಲ್ಲೇ ಇಟ್ಟುಕೊಂಡು, ಬಂದ ಆಜ್ಞೆಗಳನ್ನು ಒಂದಾದ ಮೇಲೊಂದರಂತೆ ನಡೆಸುತ್ತದೆ. ಹಾಗಾಗಿ ಇಬ್ಬರು ಒಂದೇ ಗಳಿಗೆಯಲ್ಲಿ ಉತ್ತರಿಸಿದರೂ ಒಬ್ಬರ ಅಂಕವನ್ನು ಇನ್ನೊಬ್ಬರದು ಅಳಿಸಿಹಾಕುವ ಭಯವಿಲ್ಲ.

ಅದರೊಳಗಿನ ‘ಸಾರ್ಟೆಡ್ ಸೆಟ್’ ಲೀಡರ್‌ಬೋರ್ಡ್‌ಗೆಂದೇ ಮಾಡಿಸಿದಂತಿದೆ. ಪ್ರತಿ ಸದಸ್ಯನಿಗೆ ಒಂದು ಸ್ಕೋರ್. ಪಟ್ಟಿ ಸದಾ ಸ್ಕೋರಿನ ಕ್ರಮದಲ್ಲೇ ಇರುತ್ತದೆ. ಮುಖ್ಯವಾಗಿ ಬೇಕಾಗುವುದು ಮೂರು ಆಜ್ಞೆ:

```
ZINCRBY quiz:42 100 u:1187
ZREVRANK quiz:42 u:1187
ZRANGE quiz:42 0 9 REV WITHSCORES
```

ಮೊದಲನೆಯದು 1187ನೇ ಆಟಗಾರ್ತಿಗೆ 100 ಅಂಕ ಕೂಡಿಸುತ್ತದೆ. ಎರಡನೆಯದು ಅವಳ ಸ್ಥಾನ ಹೇಳುತ್ತದೆ. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಒಂದು ಕೂಡಿಸಿ ತೋರಿಸಬೇಕು. ಮೂರನೆಯದು ಮೊದಲ ಹತ್ತು ಜನರನ್ನು ಕೊಡುತ್ತದೆ. ಪಟ್ಟಿಯಲ್ಲಿ ಹೆಸರಿನ ಬದಲು ಸಂಖ್ಯೆ ಇಡುವುದೇ ಸರಿ. ‘ಮಂಜುನಾಥ’ ಎಂಬ ಹೆಸರಿನ ಇಬ್ಬರು ಬಂದರೆ ಇಬ್ಬರ ಅಂಕವೂ ಒಂದೇ ಖಾತೆಗೆ ಬೀಳುತ್ತದೆ.

ಒಂದೊಂದನ್ನೇ ಎಣಿಸದೆ ಸ್ಥಾನ ಹೇಳಲು ಹೇಗೆ ಸಾಧ್ಯ? ಇದರ ಗುಟ್ಟು ‘ಸ್ಕಿಪ್ ಲಿಸ್ಟ್’ ಎಂಬ ರಚನೆಯಲ್ಲಿದೆ. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ವಿಲಿಯಂ ಪ್ಯೂ ಇದರ ಬಗ್ಗೆ 1990ರಲ್ಲಿ ಪ್ರಬಂಧ ಪ್ರಕಟಿಸಿದ್ದರು. ಬೆಂಗಳೂರಿನಿಂದ ಪಾಂಡವಪುರಕ್ಕೆ ರೈಲಿನಲ್ಲಿ ಹೋಗುವವರನ್ನು ನೆನೆಯಿರಿ. ಕೆಲವೇ ಕಡೆ ನಿಲ್ಲುವ ಗಾಡಿ ಹತ್ತಿ ಮಂಡ್ಯದಲ್ಲಿ ಇಳಿದು, ಅಲ್ಲಿಂದ ಎಲ್ಲ ಕಡೆ ನಿಲ್ಲುವ ಪ್ಯಾಸೆಂಜರ್ ಹಿಡಿದರೆ ನಡುವಿನ ಸಣ್ಣ ನಿಲ್ದಾಣಗಳಲ್ಲಿ ಕಾಯುವುದು ತಪ್ಪುತ್ತದೆ. ಸ್ಕಿಪ್ ಲಿಸ್ಟ್‌ನಲ್ಲೂ ಹೀಗೆ ಹಲವು ಸಾಲುಗಳು. ಕೆಳಗಿನ ಸಾಲಿನಲ್ಲಿ 5,000 ಆಟಗಾರರೂ ಇರುತ್ತಾರೆ. ಅವರಲ್ಲಿ ಹೆಚ್ಚುಕಡಿಮೆ ನಾಲ್ವರಿಗೊಬ್ಬರಂತೆ, ಚೀಟಿ ಎತ್ತಿದ ಹಾಗೆ ಆರಿಸಿದ 1,250 ಜನ ಮೇಲಿನ ಸಾಲಿನಲ್ಲಿರುತ್ತಾರೆ. ಅದರ ಮೇಲೆ ಮುನ್ನೂರು ಚಿಲ್ಲರೆ, ಹೀಗೆ ತುದಿಯ ಸಾಲಿನಲ್ಲಿ ಬೆರಳೆಣಿಕೆಯಷ್ಟು ಜನ. ಹುಡುಕಾಟ ಮೇಲಿನ ಸಾಲಿನಲ್ಲಿ ಶುರುವಾಗಿ, ದಾಟಿಹೋಗುವಂತಾದಾಗಲೆಲ್ಲ ಒಂದು ಸಾಲು ಕೆಳಗಿಳಿಯುತ್ತದೆ.

ರೆಡಿಸ್ ಇದಕ್ಕೊಂದು ಜಾಣತನ ಸೇರಿಸಿದೆ. ಒಂದು ನಿಲ್ದಾಣದಿಂದ ಮುಂದಿನದಕ್ಕೆ ಹಾರುವ ಪ್ರತಿ ಕೊಂಡಿಯ ಮೇಲೂ ‘ಈ ಹಾರಿಕೆಯಲ್ಲಿ ಇಷ್ಟು ನಿಲ್ದಾಣ ಸರಿದವು’ ಎಂಬ ಲೆಕ್ಕ ಬರೆದಿರುತ್ತದೆ. ದಾರಿಯುದ್ದಕ್ಕೂ ಆ ಲೆಕ್ಕಗಳನ್ನು ಕೂಡಿಸುತ್ತ ಹೋದರೆ ಗುರಿ ಮುಟ್ಟುವ ಹೊತ್ತಿಗೆ ಸ್ಥಾನವೂ ಸಿಕ್ಕಿರುತ್ತದೆ. 5,000 ಜನರಲ್ಲಿ ಇದಕ್ಕೆ ಸರಾಸರಿ ಇಪ್ಪತ್ತು–ಇಪ್ಪತ್ತೈದು ಹೆಜ್ಜೆಯ ಆಸುಪಾಸು ಸಾಕು. ಆಟಗಾರರು 50,000 ಆದರೂ ಹೆಚ್ಚುವುದು ಏಳೆಂಟು ಹೆಜ್ಜೆ ಮಾತ್ರ.

ಇಷ್ಟಾದರೂ ಮೊದಲ ಆಟದಲ್ಲೇ ಜಗಳ ಏಳುವುದು ಖಂಡಿತ. ಏಕೆಂದರೆ ಹತ್ತೇ ಪ್ರಶ್ನೆ, ಪ್ರತಿಯೊಂದಕ್ಕೂ 100 ಅಂಕ ಎಂದರೆ ಸಾಧ್ಯವಿರುವ ಮೊತ್ತಗಳು ಸೊನ್ನೆಯಿಂದ 1,000ದವರೆಗೆ ಹನ್ನೊಂದು ಮಾತ್ರ. 5,000 ಜನ ಹನ್ನೊಂದು ಗುಂಪಾಗಿ ನಿಲ್ಲುತ್ತಾರೆ. ಸ್ಕೋರ್ ಸಮವಾದಾಗ ರೆಡಿಸ್ ಸದಸ್ಯರನ್ನು ಅಕ್ಷರಗಳ ಕ್ರಮದಲ್ಲಿ ಜೋಡಿಸುತ್ತದೆ. ಮೇಲಿನಿಂದ ಕೆಳಗೆ ಓದುವಾಗ ಆ ಕ್ರಮ ತಿರುವುಮುರುವಾಗುತ್ತದೆ. ಆಗ `u:98` ಸದಾ `u:1187`ಕ್ಕಿಂತ ಮೇಲೆ. 1187ರವಳು ಎಷ್ಟೇ ಬೇಗ ಉತ್ತರಿಸಲಿ, ನೋಂದಣಿ ಸಂಖ್ಯೆಯ ದೆಸೆಯಿಂದ ಕೆಳಗೇ ಉಳಿಯುತ್ತಾಳೆ. ಬಹುಮಾನವಿರುವ ಆಟದಲ್ಲಿ ಇದು ಅನ್ಯಾಯ.

ಪರಿಹಾರವೆಂದರೆ ಅಂಕವನ್ನೂ ಸಮಯವನ್ನೂ ಒಂದೇ ಸಂಖ್ಯೆಯಲ್ಲಿ ಹೆಣೆಯುವುದು. ಆಟಕ್ಕೆ ಸೇರಿದ ಪ್ರತಿಯೊಬ್ಬರ ಸ್ಕೋರ್ 999999ರಿಂದ ಆರಂಭವಾಗಲಿ. ಸರಿ ಉತ್ತರ ಕೊಟ್ಟಾಗ ಅಂಕವನ್ನು ಹತ್ತು ಲಕ್ಷದಿಂದ ಗುಣಿಸಿ, ತೆಗೆದುಕೊಂಡ ಮಿಲಿಸೆಕೆಂಡುಗಳನ್ನು ಕಳೆದು, ಉಳಿದದ್ದನ್ನು ಕೂಡಿಸಬೇಕು. 4.2 ಸೆಕೆಂಡಿನಲ್ಲಿ, ಅಂದರೆ 4,200 ಮಿಲಿಸೆಕೆಂಡಿನಲ್ಲಿ ಸರಿ ಉತ್ತರ ಕೊಟ್ಟವಳಿಗೆ ಹೀಗಾಗುತ್ತದೆ:

```
100 × 1000000 − 4200 = 99995800
999999 + 99995800   = 100995799
```

ಈ ಸಂಖ್ಯೆಯ ಕೊನೆಯ ಆರು ಅಂಕಿ ಬಿಟ್ಟರೆ ಉಳಿಯುವ 100 ಅವಳ ಅಂಕ. ಆ ಆರು ಅಂಕಿಗಳನ್ನು, ಅಂದರೆ 995799ನ್ನು, 999999ರಿಂದ ಕಳೆದರೆ 4,200 ಮರಳಿ ಸಿಗುತ್ತದೆ. ಅದೇ ಪ್ರಶ್ನೆಗೆ 6 ಸೆಕೆಂಡು ತೆಗೆದುಕೊಂಡವರು ತಾವಾಗಿಯೇ ಅವಳ ಕೆಳಗೆ ನಿಲ್ಲುತ್ತಾರೆ. ಹತ್ತು ಪ್ರಶ್ನೆಗೂ ಪೂರ್ತಿ ಸಮಯ ತೆಗೆದುಕೊಂಡರೆ ಕಳೆಯುವುದು 1,50,000 ಮಾತ್ರ, ಹಾಗಾಗಿ ಸಮಯದ ಭಾಗ ಅಂಕದ ಭಾಗವನ್ನು ಎಂದೂ ಕೊರೆಯುವುದಿಲ್ಲ. ರೆಡಿಸ್ ಸ್ಕೋರನ್ನು ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಯ ರೂಪದಲ್ಲಿ ಇಡುವುದರಿಂದ ಪೂರ್ಣಾಂಕಗಳು 9007199254740992ರವರೆಗೆ ಮಾತ್ರ ತಪ್ಪಿಲ್ಲದೆ ಉಳಿಯುತ್ತವೆ. ಇಲ್ಲಿ ಬರುವ ದೊಡ್ಡ ಸಂಖ್ಯೆ ನೂರು ಕೋಟಿಯ ಆಸುಪಾಸಿನದು, ಚಿಂತೆಯಿಲ್ಲ. ಅಂಕದ ಜೊತೆ ಪೂರ್ತಿ ದಿನಾಂಕ–ಸಮಯವನ್ನೇ ತುರುಕಲು ಹೋದವರು ಈ ಮಿತಿಗೆ ಡಿಕ್ಕಿ ಹೊಡೆಯುತ್ತಾರೆ. ಆಗ ಯಾವ ದೋಷಸೂಚನೆಯೂ ಬರುವುದಿಲ್ಲ, ಕೊನೆಯ ಅಂಕಿಗಳು ಸದ್ದಿಲ್ಲದೆ ಬದಲಾಗುತ್ತವೆ.

ಸಮಯವನ್ನು ಸರಿ ಉತ್ತರಕ್ಕೆ ಮಾತ್ರ ಕಳೆಯಬೇಕು. ತಪ್ಪು ಉತ್ತರಕ್ಕೂ ಕಳೆದರೆ, ಪ್ರಯತ್ನಿಸಿ ಸೋತವರಿಗಿಂತ ಸುಮ್ಮನೆ ಕೂತವರು ಮೇಲೆ ಹೋಗುತ್ತಾರೆ. ಸಮಯ ಅಳೆಯುವುದೂ ಸರ್ವರಿನ ಕೆಲಸವಾಗಬೇಕು; ಫೋನ್ ಹೇಳಿದ ಸಮಯವನ್ನು ನಂಬಿದರೆ ಮೋಸಕ್ಕೆ ಬಾಗಿಲು ತೆರೆದಂತೆ. ಹೀಗೆ ಮಾಡಿದಾಗ ನೆಟ್‌ವರ್ಕ್ ನಿಧಾನವಿರುವ ಊರಿನವರಿಗೆ ಸ್ವಲ್ಪ ನಷ್ಟವಾಗುವುದು ನಿಜ. ಅದನ್ನು ಆಟದ ನಿಯಮಗಳಲ್ಲಿ ಮೊದಲೇ ಹೇಳಿಬಿಡುವುದು ಪ್ರಾಮಾಣಿಕ ದಾರಿ.

ನೆಟ್‌ವರ್ಕ್ ಇನ್ನೊಂದು ತೊಂದರೆಯನ್ನೂ ತರುತ್ತದೆ. ಆಟಗಾರ್ತಿಯ ಉತ್ತರ ಸರ್ವರ್ ತಲುಪಿ ಅಂಕ ಕೂಡಿದೆ, ಆದರೆ ‘ತಲುಪಿತು’ ಎಂಬ ಮರುಸಂದೇಶ ದಾರಿಯಲ್ಲೇ ಕಳೆದುಹೋಗಿದೆ. ಫೋನ್ ಅದೇ ಉತ್ತರವನ್ನು ಮತ್ತೆ ಕಳಿಸುತ್ತದೆ, 100 ಇದ್ದದ್ದು 200 ಆಗುತ್ತದೆ. ಇದನ್ನು ತಡೆಯಲು ಪ್ರತಿ ಪ್ರಶ್ನೆಗೂ ‘ಉತ್ತರಿಸಿದವರ ಪಟ್ಟಿ’ ಒಂದನ್ನು ಇಟ್ಟು, ಆ ಪಟ್ಟಿಗೆ ಹೊಸದಾಗಿ ಸೇರಿದವರಿಗೆ ಮಾತ್ರ ಅಂಕ ಕೂಡಿಸಬೇಕು. ಎರಡೂ ಕೆಲಸ ನಡುವೆ ಬಿರುಕಿಲ್ಲದೆ ಆಗಲೆಂದು ರೆಡಿಸ್‌ಗೆ ಪುಟ್ಟ ಲುವಾ ಸ್ಕ್ರಿಪ್ಟ್ ಕೊಡುತ್ತಾರೆ:

```
if redis.call('SADD', KEYS[2], ARGV[1]) == 1 then
  return redis.call('ZINCRBY', KEYS[1], ARGV[2], ARGV[1])
end
return redis.call('ZSCORE', KEYS[1], ARGV[1])
```

ಎರಡನೇ ಬಾರಿ ಬಂದ ಉತ್ತರಕ್ಕೆ ಈಗಿರುವ ಸ್ಕೋರೇ ಮರಳುತ್ತದೆ. ಎಲ್ಲೋ ಎರಡು ಬಾರಿ ಕೂಡಿದೆಯೇ ಎಂದು ಆಟದ ನಡುವೆಯೇ ಪರೀಕ್ಷಿಸಬಹುದು. ಮೂರು ಪ್ರಶ್ನೆ ಮುಗಿದಾಗ ಯಾರಿಗೂ 300ಕ್ಕಿಂತ ಹೆಚ್ಚು ಅಂಕ ಇರಕೂಡದು. `ZCOUNT quiz:42 301000000 +inf` ಎಂದು ಕೇಳಿದಾಗ ಸೊನ್ನೆಯಲ್ಲದೆ ಬೇರೇನಾದರೂ ಬಂದರೆ ತಪ್ಪು ನಡೆದಿದೆ ಎಂದೇ ಅರ್ಥ. ಸೊನ್ನೆ ಬಂದರೆ ಎಲ್ಲವೂ ಸರಿ ಎಂದಲ್ಲ. ಮೊದಲ ಪ್ರಶ್ನೆ ತಪ್ಪಿ, ಎರಡನೆಯದರಲ್ಲಿ ದುಪ್ಪಟ್ಟು ಪಡೆದವರು ಈ ಬಲೆಗೆ ಬೀಳುವುದಿಲ್ಲ.

ಇನ್ನು ‘ಲೈವ್’ ಎಂಬ ಮಾತು. ಒಬ್ಬರ ಅಂಕ ಬದಲಾದಾಗಲೆಲ್ಲ ಎಲ್ಲರಿಗೂ ಸುದ್ದಿ ಕಳಿಸಿದರೆ 5,000 ಉತ್ತರಕ್ಕೆ, 5,000 ಫೋನಿಗೆ, ಎರಡೂವರೆ ಕೋಟಿ ಸಂದೇಶ. ಅದೂ 15 ಸೆಕೆಂಡಿನೊಳಗೆ. ಇಲ್ಲಿ ಕುಸಿಯುವುದು ಸಂದೇಶ ಹಂಚುವ ಸರ್ವರ್, ರೆಡಿಸ್ ಅಲ್ಲ. ಅದರ ಬದಲು ಸರ್ವರ್ ಸೆಕೆಂಡಿಗೊಮ್ಮೆ ಮೊದಲ ಹತ್ತು ಹೆಸರನ್ನು ಓದಿ, ಅದೇ ಪಟ್ಟಿಯನ್ನು ಎಲ್ಲರಿಗೂ ಹಂಚಿದರೆ ಸೆಕೆಂಡಿಗೆ 5,000 ಸಂದೇಶದಲ್ಲಿ ಕೆಲಸ ಮುಗಿಯುತ್ತದೆ. ಅವರವರ ಸ್ಥಾನವನ್ನು ಪ್ರಶ್ನೆಯ ಸಮಯ ಮುಗಿದ ಮೇಲೆ ಒಮ್ಮೆ ತಿಳಿಸಿದರೆ ಸಾಕು. ಕಣ್ಣಿಗೆ ಇದು ಲೈವ್ ಆಗಿಯೇ ಕಾಣುತ್ತದೆ. ಇಡೀ ಪಟ್ಟಿಯನ್ನು ಒಂದೇ ಆಜ್ಞೆಯಲ್ಲಿ ಎಳೆದುಕೊಳ್ಳುವುದು 5,000 ಜನರಿಗೆ ನಡೆದೀತು. ಲಕ್ಷಗಟ್ಟಲೆ ಜನರಾದಾಗ ಆ ಒಂದು ಆಜ್ಞೆ ಮುಗಿಯುವವರೆಗೆ ಉಳಿದೆಲ್ಲ ಉತ್ತರಗಳೂ ಸರತಿಯಲ್ಲಿ ಕಾಯಬೇಕಾಗುತ್ತದೆ.

5,000 ಜನರ ಈ ಪಟ್ಟಿ ಮೆಮೊರಿಯಲ್ಲಿ ಹಿಡಿಯುವ ಜಾಗ ಒಂದು ಎಂಬಿಯ ಆಸುಪಾಸು. ಆದರೆ ಮೆಮೊರಿಯಲ್ಲಿದ್ದದ್ದು ಕರೆಂಟು ಹೋದರೆ ಹೋಯಿತು. ರೆಡಿಸ್ ತನ್ನ ದಾಖಲೆಯನ್ನು ಸೆಕೆಂಡಿಗೊಮ್ಮೆ ಡಿಸ್ಕಿಗೆ ಬರೆಯುವಂತೆ ಹೊಂದಿಸಬಹುದು. ಆಗಲೂ ಕೊನೆಯ ಒಂದು ಸೆಕೆಂಡಿನ ಉತ್ತರಗಳು ಕಾಣೆಯಾಗಬಹುದು. ಪ್ರಶ್ನೆ ಮುಗಿಯುವ ಅಂಚಿನಲ್ಲಿ ಆ ಒಂದು ಸೆಕೆಂಡಿಗೆ ನೂರಾರು ಉತ್ತರ ಬಂದಿರುತ್ತವೆ. ಆದ್ದರಿಂದ ಪ್ರತಿ ಉತ್ತರವೂ ಸಮಯದ ಸಮೇತ ಮಾಮೂಲಿ ಡೇಟಾಬೇಸ್‌ನಲ್ಲಿ ದಾಖಲಾಗಲೇಬೇಕು. ಆಟ ನಡೆಯುವಾಗ ರೆಡಿಸ್ ತೋರಿಸುವ ಸ್ಥಾನವನ್ನು ನಂಬಿ, ಆದರೆ ಬಹುಮಾನ ಘೋಷಿಸುವ ಮುನ್ನ ಆ ದಾಖಲೆಗಳಿಂದ ಪಟ್ಟಿಯನ್ನು ಹೊಸದಾಗಿ ಕಟ್ಟಿ ಎರಡನ್ನೂ ಹೋಲಿಸಿ ನೋಡಿ. ಒಂದು ಸ್ಥಾನ ವ್ಯತ್ಯಾಸವಾದರೂ ಕಾರಣ ಸಿಗುವವರೆಗೆ ಫಲಿತಾಂಶ ಪ್ರಕಟಿಸಬೇಡಿ.