ಪಂಚಮಿ ಉಂಡೆ ಮಳೆಗಾಲದಲ್ಲಿ ಯಾಕೆ ಬೆವರುತ್ತೆ? ಯಾವುದನ್ನು ಉಳಿಸಬಹುದು, ಯಾವುದನ್ನು ಎಸೀಬೇಕು?

ಕಳೆದ ಶ್ರಾವಣದಲ್ಲಿ ಸೊರಬದ ಕಡೆಯ ಪರಿಚಯದ ಹುಡುಗನೊಬ್ಬ ಮೂರು ಡಬ್ಬಿಗಳ ಫೋಟೊ ಕಳಿಸಿದ್ದ. ನಾಗರ ಪಂಚಮಿಗೆ ಕಟ್ಟಿ ಎಂಟು ದಿನವಾಗಿದ್ದ ಉಂಡೆಗಳು. ಶೇಂಗಾ ಉಂಡೆ ಮೆತ್ತಗಾಗಿ ಒಂದಕ್ಕೊಂದು ಅಂಟಿತ್ತು, ಎಳ್ಳುಂಡೆಗೆ ಇರುವೆ ಹತ್ತಿತ್ತು, ಕಾಯಿತುರಿಯ ಉಂಡೆ ಮೇಲೆ ಬಿಳಿ-ಹಸಿರು ಬೂಸ್ಟು ಬಂದಿತ್ತು. "ಮೂರನ್ನೂ ದನಕ್ಕೆ ಹಾಕ್ಲಾ ಅಣ್ಣ?" ಅಂತ ಕೇಳಿದ. ಮೂರಕ್ಕೂ ಉತ್ತರ ಬೇರೆ ಬೇರೆ. ಆದರೆ ಮೂರಕ್ಕೂ ಮೂಲ ಒಂದೇ, ನೀರು.

ಶುದ್ಧ ಸಕ್ಕರೆ ಹರಳು ಗಾಳಿಯ ತೇವ ಸುಮಾರು 85% ದಾಟುವವರೆಗೆ ನೀರು ಎಳೆಯೋದಿಲ್ಲ. ಬೆಲ್ಲದ ಕಥೆ ಹಾಗಲ್ಲ. ಅದರಲ್ಲಿ ಸಕ್ಕರೆ ಜೊತೆ ಗ್ಲೂಕೋಸ್, ಫ್ರಕ್ಟೋಸ್ ಮತ್ತು ಕಬ್ಬಿನ ಲವಣಗಳೂ ಇರುತ್ತವೆ. ಫ್ರಕ್ಟೋಸ್ 60% ತೇವ ದಾಟಿದರೆ ಸಾಕು, ನೀರು ಕುಡಿಯಲು ಶುರು ಮಾಡುತ್ತದೆ. ಮಳೆ ಹಿಡಿದ ದಿನಗಳಲ್ಲಿ ಸೊರಬದಲ್ಲಿ ಗಾಳಿಯ ತೇವ ಅದಕ್ಕಿಂತ ಎಷ್ಟೋ ಮೇಲಿರುತ್ತದೆ, ಶಿಕಾರಿಪುರದಲ್ಲೂ ಅಷ್ಟೇ. ಅದಕ್ಕೇ ಸಕ್ಕರೆ ಪಾಕದ ಉಂಡೆಗಿಂತ ಬೆಲ್ಲದ ಉಂಡೆ ಮೊದಲು ಬೆವರುತ್ತದೆ.

ಹಾಗಾಗಿ ಬೆಲ್ಲ ಆರಿಸುವಾಗಲೇ ಅರ್ಧ ಕೆಲಸ ಮುಗಿಯುತ್ತದೆ. ಕಬ್ಬು ಕಡಿದು ಎರಡು ಮೂರು ದಿನ ಬಿಟ್ಟು ಅರೆದರೆ ಅದರಲ್ಲಿರುವ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಜಾಸ್ತಿಯಾಗುತ್ತದೆ. ಮಳೆಗೆ ಮಲಗಿದ ಕಬ್ಬಲ್ಲೂ ಹೀಗಾಗಬಹುದು. ಇಂಥ ಬೆಲ್ಲ ಬೇಗ ನೀರೊಡೆಯುತ್ತದೆ. ಅಚ್ಚನ್ನು ಮುರಿದು ನೋಡಿ: ಗರಕ್ಕನೆ ಮುರಿದು ಒಳಗೆ ಹರಳು ಕಂಡರೆ ತಗೊಳ್ಳಿ, ಉಗುರಿಗೆ ಅಂಟಿದರೆ ಬಿಡಿ. ನಮ್ಮ ಕಡೆಯ ಜೋನಿ ಬೆಲ್ಲ ದೋಸೆಗೆ ಚೆನ್ನ, ಇಡುವ ಉಂಡೆಗಲ್ಲ. ಅದನ್ನು ನೀರಾಗಿಯೇ ಉಳಿಯುವ ಹದದಲ್ಲಿ ಇಳಿಸಿರುತ್ತಾರೆ.

ಇನ್ನರ್ಧ ಇರೋದು ಪಾಕದಲ್ಲಿ. ತಣ್ಣೀರಿಗೆ ಒಂದು ಹನಿ ಬಿಟ್ಟಾಗ ಮೆತ್ತನೆ ಉಂಡೆಯಾದರೆ, ಪಾಕದಲ್ಲಿ ಇನ್ನೂ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ನೀರಿದೆ ಅಂತ ಲೆಕ್ಕ. ಎರಡು ಮೂರು ದಿನದಲ್ಲಿ ತಿಂದು ಮುಗಿಸೋದಾದರೆ ಇದು ಸಾಕು. ಹದಿನೈದು ದಿನ ಇಡಬೇಕಾದರೆ ಹನಿ ಗಟ್ಟಿಯಾಗಿ, ತಟ್ಟೆಗೆ ಹಾಕಿದರೆ ಟಣ್ ಅನ್ನಬೇಕು. ಉಂಡೆ ಪೂರ್ತಿ ಆರಿದ ಮೇಲೇ ಡಬ್ಬಿಗೆ ತುಂಬಿ. ಬಿಸಿಯಿದ್ದಾಗ ಮುಚ್ಚಿದರೆ ಹಬೆ ಮುಚ್ಚಳಕ್ಕೆ ತಾಗಿ, ನೀರಾಗಿ, ಉಂಡೆ ಮೇಲೇ ತೊಟ್ಟಿಕ್ಕುತ್ತದೆ. ಆರಿತು ಅಂತ ರಾತ್ರಿಯೆಲ್ಲಾ ತೆರೆದಿಡಲೂ ಬೇಡಿ, ಅಷ್ಟರಲ್ಲಿ ಗಾಳಿಯ ತೇವ ಹತ್ತಿರುತ್ತದೆ.

ಈಗ ಆ ಮೂರು ಡಬ್ಬಿಗೆ ಬರೋಣ.

ಶೇಂಗಾ ಉಂಡೆಯನ್ನು ಮೊದಲು ಮೂಸಿ ನೋಡಲು ಹೇಳಿದೆ. ಹುಳಿ ಅಥವಾ ಹೆಂಡದ ವಾಸನೆ ಬಂದರೆ ಹುದುಗಿದೆ ಅಂತ ಅರ್ಥ, ಎಸೀಬೇಕು. ಅವನದಕ್ಕೆ ಬರೀ ಬೆಲ್ಲದ ವಾಸನೆಯಿತ್ತು, ಬೂಸ್ಟು ಎಲ್ಲೂ ಇರಲಿಲ್ಲ. ಅಂಥದ್ದನ್ನು ಪುಡಿ ಮಾಡಿ, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಪಾಕ ಮತ್ತೆ ಗಟ್ಟಿಯಾಗುವವರೆಗೆ ಕೈಯಾಡಿಸಿ ಕಟ್ಟಬಹುದು. ನೀರು ಹಾಕಬಾರದು.

ಎಳ್ಳುಂಡೆ ಗಟ್ಟಿಯಾಗೇ ಇತ್ತು. ಡಬ್ಬಿಯ ಅಂಚಿಗೆ ಮೆತ್ತಿದ್ದ ಪಾಕ ಬೆವರಿ ಇರುವೆಯನ್ನು ಕರೆದಿತ್ತು. ಉಂಡೆಗಳನ್ನು ತಟ್ಟೆಯಲ್ಲಿ ಹರಡಿ ಬೆಳಕಿಗಿಟ್ಟರೆ ಇರುವೆ ಹೆಚ್ಚಿನಂಶ ಹೊರಟುಹೋಗುತ್ತವೆ. ಮನೆಯಲ್ಲಿ ತಿನ್ನಬಹುದು, ಮಾರುವಂತಿಲ್ಲ. ಡಬ್ಬಿಯನ್ನು ಬಿಸಿನೀರಲ್ಲಿ ತೊಳೆದು ಒಲೆ ಹತ್ತಿರ ಪೂರ್ತಿ ಒಣಗಿಸಿ. ಇರುವೆ ಸಾಲು ಬಂದ ದಾರಿಯನ್ನು ಸೋಪಿನ ನೀರಲ್ಲಿ ಒರೆಸಿದರೆ ಅವು ಬಿಟ್ಟುಹೋದ ವಾಸನೆ ಹೋಗುತ್ತದೆ. ತಟ್ಟೆಯಲ್ಲಿ ನೀರು ಹಾಕಿ, ನಡುವೆ ಬಟ್ಟಲು ಮಗುಚಿ ಅದರ ಮೇಲೆ ಡಬ್ಬಿ ಇಡಿ. ನೀರಿಗೆ ಎರಡು ಹನಿ ಸೋಪು ಬಿಡಿ, ಇಲ್ಲದಿದ್ದರೆ ಸಣ್ಣ ಇರುವೆ ನೀರಿನ ಮೇಲೇ ನಡೆದು ದಾಟುತ್ತದೆ. ಇರುವೆ ಪುಡಿ, ವಿಷದ ಚಾಕ್ ತಿಂಡಿ ಹತ್ತಿರ ಬೇಡವೇ ಬೇಡ.

ಕಾಯಿತುರಿಯ ಉಂಡೆ ಮಾತ್ರ ಉಳಿಯುವಂಥದ್ದಲ್ಲ. ಹಸಿ ಕಾಯಿಯಲ್ಲಿ ಹೆಚ್ಚು ಕಡಿಮೆ ಅರ್ಧ ನೀರೇ. ಮಳೆಗಾಲಕ್ಕೆ ಒಣ ಕೊಬ್ಬರಿಯನ್ನು ಹುರಿದೇ ಹಾಕಬೇಕು. ಬೂಸ್ಟನ್ನು ಕೆರೆದು ತೆಗೆದರೂ ಅದರ ಎಳೆ ಒಳಗೆ ಇಳಿದಿರುತ್ತದೆ, ಆದ್ದರಿಂದ ಇಡೀ ಉಂಡೆ ಎಸೀಬೇಕು. ಇನ್ನು ದನಕ್ಕೆ ಹಾಕುವ ವಿಚಾರ. ಶೇಂಗಾ, ಕೊಬ್ಬರಿಯಂಥವುಗಳ ಮೇಲೆ ಬರುವ ಕೆಲವು ಬೂಸ್ಟು ಅಫ್ಲಾಟಾಕ್ಸಿನ್ ಅನ್ನೋ ವಿಷ ಬಿಡುತ್ತವೆ. ಮನೆಯಲ್ಲಿ ಹುರಿದರೂ ಕುದಿಸಿದರೂ ಅದು ಪೂರ್ತಿ ಹೋಗೋದಿಲ್ಲ. ಹಸು ತಿಂದರೆ ಅದರ ಒಂದಂಶ ಹಾಲಿಗೆ ಬಂದು, ತಿರುಗಿ ನಮ್ಮ ಮಕ್ಕಳ ಲೋಟಕ್ಕೇ ಸೇರುತ್ತದೆ. ಕೋಳಿಗೂ ಹಾಕಬೇಡಿ. ಗೊಬ್ಬರದ ಗುಂಡಿಗೆ ಹಾಕಿ ಮೇಲೆ ಮಣ್ಣು ಮುಚ್ಚಿ.

ಈ ಸಲ ಉಂಡೆ ಕಟ್ಟಿದಾಗ ಒಂದೇ ದೊಡ್ಡ ಡಬ್ಬಿಗೆ ತುಂಬಬೇಡಿ. ಮುಚ್ಚಳ ತೆಗೆದಾಗಲೆಲ್ಲ ತೇವದ ಗಾಳಿ ಒಳಗೆ ಹೋಗುತ್ತದೆ. ಮೂರ್ನಾಲ್ಕು ದಿನಕ್ಕಾಗುವಷ್ಟನ್ನು ಸಣ್ಣ ಡಬ್ಬಿಗಳಲ್ಲಿ ತುಂಬಿ, ಒಂದು ಮುಗಿದ ಮೇಲೆ ಇನ್ನೊಂದನ್ನು ತೆರೆಯಿರಿ.